ಅಂಟಿಸಿದ ಕೋಟು, ಬದಲಾದ ಗಲ್ಲ

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್.ನಗರ, ಎಚ್.ಡಿ.ಕೋಟೆ, ಇವುಗಳಲ್ಲಿ ಯಾವ ಊರಿನ ಬಸ್ ನಿಲ್ದಾಣದ ಆಸುಪಾಸಿನ ಫೋಟೋ ಸ್ಟುಡಿಯೋಗೆ ಹೋದರೂ ಈ ಮಾತು ಕಿವಿಗೆ ಬೀಳುತ್ತದೆ: ‘ಕೋಟ್ ಹಾಕ್ಲಾ, ಹಂಗೇ ಇರ್ಲಾ?’ ಕೇಳಿಸಿಕೊಂಡ ಹುಡುಗ ಅರ್ಧತೋಳಿನ ಅಂಗಿಯಲ್ಲಿ ಸ್ಟೂಲಿನ ಮೇಲೆ ಕೂತಿರುತ್ತಾನೆ. ಹತ್ತು ನಿಮಿಷ ಕಳೆದ ಮೇಲೆ ಅವನ ಕೈಗೆ ಬರುವ ಎಂಟು ಪ್ರತಿಗಳ ಹಾಳೆಯಲ್ಲಿ ಕಡುನೀಲಿ ಕೋಟು, ಕೆಂಪು ಟೈ, ಇಸ್ತ್ರಿ ಮುರಿಯದ ಬಿಳಿ ಕಾಲರ್ ಇರುತ್ತವೆ. ಆ ಕೋಟನ್ನು ಅವನು ಮುಟ್ಟಿಯೂ ಇಲ್ಲ. ಅದು ಕಂಪ್ಯೂಟರಿನ ಒಂದು ಫೋಲ್ಡರಿನಲ್ಲಿ ಇದೆ. ಅದೇ ಕೋಟು ಕಳೆದ ವಾರ ಇನ್ನೊಬ್ಬನ ಮೈಮೇಲಿತ್ತು.

ಇದರಲ್ಲಿ ಮೋಸದ ಉದ್ದೇಶ ಯಾರಿಗೂ ಇರುವುದಿಲ್ಲ. ಮದುವೆಯ ಬಯೋಡೇಟಾಗೆ, ಸಂಘದ ಸ್ಮರಣ ಸಂಚಿಕೆಗೆ, ಫ್ಲೆಕ್ಸಿಗೆ ಈ ಫೋಟೋ ಧಾರಾಳವಾಗಿ ನಡೆಯುತ್ತದೆ. ತೊಂದರೆ ಬರುವುದು ಅದೇ ಫೈಲು ಪೆನ್‌ಡ್ರೈವಿನಲ್ಲಿ ಸೈಬರ್ ಸೆಂಟರಿಗೆ ಹೋಗಿ, ಅಲ್ಲಿಂದ ನೀಟ್ ಅರ್ಜಿಗೋ ವೀಸಾ ಅರ್ಜಿಗೋ ಏರಿದಾಗ. ನೀಟ್, ಜೆಇಇ ನಡೆಸುವ ರಾಷ್ಟ್ರೀಯ ಪರೀಕ್ಷಾ ಸಂಸ್ಥೆ, ಅಂದರೆ ಎನ್‌ಟಿಎ, ತನ್ನ ಮಾಹಿತಿ ಪುಸ್ತಿಕೆಗಳಲ್ಲಿ ಈ ಬಗ್ಗೆ ಕಟುವಾಗಿಯೇ ಬರೆದಿದೆ. ಫೋಟೋ ಕೈಯಿಂದಲೋ ಕಂಪ್ಯೂಟರಿನಿಂದಲೋ ತಯಾರಿಸಿದಂತೆ ಕಂಡರೆ ಅರ್ಜಿಯನ್ನು ತಿರಸ್ಕರಿಸಬಹುದು, ಅದನ್ನು ಪರೀಕ್ಷಾ ಅಕ್ರಮವೆಂದೂ ಪರಿಗಣಿಸಬಹುದು. ಅಮೆರಿಕದ ವೀಸಾ ಫೋಟೋ ನಿಯಮವೂ ಸಾಫ್ಟ್‌ವೇರಿನಿಂದ, ಫೋನಿನ ಆ್ಯಪ್‌ನಿಂದ ತಿದ್ದಿದ ಚಿತ್ರ ಬೇಡ ಎನ್ನುತ್ತದೆ.

‘ಮುಖ ನನ್ನದೇ ಅಲ್ವಾ, ಬಟ್ಟೆ ತಾನೆ ಬದಲಾಗಿದ್ದು?’ ಎಂಬ ಪ್ರಶ್ನೆ ನ್ಯಾಯವಾದದ್ದೇ. ಅದನ್ನು ನಿಯಮದ ಹೆಸರಲ್ಲಿ ತಳ್ಳಿಹಾಕುವ ಬದಲು ಕಂಪ್ಯೂಟರು ಮುಖವನ್ನು ಹೇಗೆ ಓದುತ್ತದೆ ಎಂದು ನೋಡೋಣ.

ಮೊದಲು ಕೇಳುವವರ ಪರವಾದ ಸಾಕ್ಷ್ಯ. ಮುಖ ಗುರುತಿಸುವ ಯಂತ್ರಕ್ಕೆ ಕೋಟು ಬಹುಮಟ್ಟಿಗೆ ಕಾಣುವುದೇ ಇಲ್ಲ. ಫೋಟೋ ಕೈಗೆ ಬಂದ ಕೂಡಲೇ ಅದು ಮುಖ ಎಲ್ಲಿದೆ ಎಂದು ಹುಡುಕಿ ಅದರ ಸುತ್ತ ಒಂದು ಚೌಕ ಎಳೆಯುತ್ತದೆ. ಚೌಕದೊಳಗೆ ಐದು ಗುರುತುಗಳನ್ನು ಹಿಡಿಯುತ್ತದೆ: ಎರಡು ಕಣ್ಣು, ಮೂಗಿನ ತುದಿ, ಬಾಯಿಯ ಎರಡು ಮೂಲೆ. ಆ ಐದು ಚುಕ್ಕೆಗಳು ತನಗೆ ಗೊತ್ತಿರುವ ಜಾಗಗಳಲ್ಲಿ ಕೂರುವ ಹಾಗೆ ಚಿತ್ರವನ್ನು ತಿರುಗಿಸಿ, ಸರಿಸಿ, ಹಿಗ್ಗಿಸಿಯೋ ಕುಗ್ಗಿಸಿಯೋ ಒಂದು ಪುಟ್ಟ ತುಣುಕನ್ನು ಕತ್ತರಿಸಿಕೊಳ್ಳುತ್ತದೆ. ಈಗ ಬಳಕೆಯಲ್ಲಿರುವ ಹಲವು ವಿಧಾನಗಳಲ್ಲಿ ಈ ತುಣುಕಿನ ಅಳತೆ ಬರೀ 112 ಪಿಕ್ಸೆಲ್ ಅಗಲ, 112 ಪಿಕ್ಸೆಲ್ ಎತ್ತರ. ಕಾಲರ್, ಟೈ, ಭುಜ ಎಲ್ಲ ಹೊರಗೇ ಉಳಿಯುತ್ತವೆ. ಆ ತುಣುಕನ್ನು ಯಂತ್ರ ಕೆಲವು ನೂರು ಸಂಖ್ಯೆಗಳ ಸಾಲಾಗಿ ಬದಲಾಯಿಸುತ್ತದೆ. ಎರಡು ಫೋಟೋಗಳ ಸಂಖ್ಯಾಸಾಲುಗಳು ಒಂದಕ್ಕೊಂದು ಎಷ್ಟು ಹತ್ತಿರವಿವೆ ಎಂದು ಅಳೆದು, ಹತ್ತಿರದ ಮಟ್ಟ ಒಂದು ಗೊತ್ತಾದ ಗೆರೆಯನ್ನು ದಾಟಿದರೆ ‘ಇಬ್ಬರೂ ಒಬ್ಬರೇ’ ಎನ್ನುತ್ತದೆ.

ಹಾಗಾದರೆ ಕೋಟಿನಿಂದ ಏನೂ ಆಗಬಾರದಿತ್ತು. ಕೋಟು ನಿಜವಾಗಿ ಮೈಮೇಲಿದ್ದರೆ ಏನೂ ಆಗುವುದಿಲ್ಲ ಕೂಡ. ಮುಖ ಕೆಡುವುದು ಕೋಟನ್ನು ಅಂಟಿಸುವ ಕೆಲಸದಲ್ಲಿ.

ಆ ಕೆಲಸ ಹೀಗೆ ನಡೆಯುತ್ತದೆ. ಕೋಟಿನ ಫೈಲಿನಲ್ಲಿ ಭುಜವೂ ಕಾಲರೂ ಇವೆ, ತಲೆ ಇಲ್ಲ. ಹುಡುಗನ ಫೋಟೋದಿಂದ ತಲೆಯನ್ನು ಬಿಡಿಸಿಕೊಳ್ಳಬೇಕು. ಕೂದಲಿನ ಅಂಚು, ಕಿವಿ, ದವಡೆ, ಕತ್ತು ಹಿಡಿದು ಗೆರೆ ಎಳೆದು ಕತ್ತರಿಸುತ್ತಾರೆ. ಈಗ ಬಹಳ ಕಡೆ ಇದನ್ನು ಆ್ಯಪ್ ಒಂದೇ ಒತ್ತಿಗೆ ಮಾಡುತ್ತದೆ. ಕೋಟಿನ ಕಾಲರಿನ ಬಾಯಿಗೆ ಒಂದು ನಿಗದಿಯಾದ ಅಗಲವಿರುತ್ತದೆ, ಹುಡುಗನ ಕತ್ತಿಗೆ ಅದರದೇ ಅಗಲವಿರುತ್ತದೆ. ಎರಡೂ ಹೊಂದುವುದು ಅಪರೂಪ. ಕೋಟನ್ನೇ ಕುಗ್ಗಿಸಿದರೆ ಭುಜ ಸಣ್ಣದಾಗಿ ತಲೆ ದೊಡ್ಡದಾಗಿ ಕಾಣುತ್ತದೆ. ಅದಕ್ಕೇ ಅವಸರದಲ್ಲಿ ಇರುವವರು ತಲೆಯ ಮೂಲೆಯನ್ನು ಹಿಡಿದು ಎಳೆಯುತ್ತಾರೆ. ಹಲವು ಸಾಫ್ಟ್‌ವೇರುಗಳಲ್ಲಿ ಕೀಬೋರ್ಡಿನ ಒಂದು ಗುಂಡಿ ಒತ್ತಿಹಿಡಿದು ಎಳೆದರೆ ಅಗಲವೂ ಎತ್ತರವೂ ಒಂದೇ ಪ್ರಮಾಣದಲ್ಲಿ ಹಿಗ್ಗುತ್ತವೆ. ಅದು ತಪ್ಪಿದರೆ ಅಗಲ ಮಾತ್ರ ಹಿಗ್ಗಿಬಿಡಬಹುದು. ಆಮೇಲೆ ಕತ್ತಿನ ಕೆಳಭಾಗವನ್ನು ಮೃದುವಾದ ಅಳಿಸುಗದಿಂದ ಉಜ್ಜಿ ಕಾಲರಿನೊಳಗೆ ಇಳಿಸುತ್ತಾರೆ. ಹಿನ್ನೆಲೆಯನ್ನು ಬಿಳಿ ಮಾಡುತ್ತಾರೆ. ಕೈ ಹೇಗೂ ಆಡುತ್ತಿರುವಾಗ ಕೆನ್ನೆಯ ಮೊಡವೆ, ಹಣೆಯ ಗಾಯದ ಗುರುತು, ಮೂಗಿನ ಮೇಲಿನ ಎಣ್ಣೆಯ ಮಿಂಚು ಎಲ್ಲವೂ ಮಾಯವಾಗುತ್ತವೆ. ಗಿರಾಕಿ ಕೇಳದಿದ್ದರೂ ಮಾಡಿಕೊಡುವ ಉಪಚಾರ ಇದು.

ಇದನ್ನು ಒಂದು ಲೆಕ್ಕದಿಂದ ನೋಡಬಹುದು. ಮೂಲ ಫೋಟೋದಲ್ಲಿ ಹುಡುಗನ ಎರಡು ಕಣ್ಣುಗಳ ನಡುವಿನ ಅಂತರ 120 ಪಿಕ್ಸೆಲ್, ಕಣ್ಣಿನ ಸಾಲಿನಿಂದ ಬಾಯಿಯ ಸಾಲಿಗೆ ಇರುವ ಇಳಿತವೂ 120 ಪಿಕ್ಸೆಲ್ ಎಂದಿಟ್ಟುಕೊಳ್ಳಿ. ಅಡ್ಡಕ್ಕೂ ಉದ್ದಕ್ಕೂ ಪ್ರಮಾಣ ಸರಿಸಮ. ಕಾಲರಿಗೆ ಕತ್ತು ಕೂರಿಸಲು ತಲೆಯನ್ನು ಅಗಲದಲ್ಲಿ ಮಾತ್ರ ನೂರಕ್ಕೆ ಎಂಟರಷ್ಟು ಹಿಗ್ಗಿಸಿದರೆ ಕಣ್ಣುಗಳ ಅಂತರ ಸುಮಾರು 130 ಆಗುತ್ತದೆ, ಇಳಿತ 120ರಲ್ಲೇ ನಿಲ್ಲುತ್ತದೆ. ಫೋಟೋ ನೋಡಿದ ಅಮ್ಮನಿಗೆ ‘ಸ್ವಲ್ಪ ದಪ್ಪ ಕಾಣ್ತಾನೆ’ ಎನ್ನಿಸಬಹುದು, ಅಷ್ಟೇ.

ಯಂತ್ರ ಇದನ್ನು ಸರಿಮಾಡಿಕೊಳ್ಳಲಾರದೆ? ಪೂರ್ತಿ ಸರಿಮಾಡಿಕೊಳ್ಳಲಾರದು. ಐದು ಚುಕ್ಕೆಗಳನ್ನು ಜಾಗಕ್ಕೆ ಕೂರಿಸುವಾಗ ಅದು ಚಿತ್ರವನ್ನು ಎರಡೂ ದಿಕ್ಕಿನಲ್ಲಿ ಸಮನಾಗಿ ಮಾತ್ರ ಹಿಗ್ಗಿಸುತ್ತದೆ. ಮುಖ ಕ್ಯಾಮೆರಾಕ್ಕೆ ಹತ್ತಿರವಿತ್ತೋ ದೂರವಿತ್ತೋ ಎಂಬ ವ್ಯತ್ಯಾಸ ಇದರಿಂದ ಅಳಿದುಹೋಗುತ್ತದೆ. ಒಂದೇ ದಿಕ್ಕಿನ ಹಿಗ್ಗು ಅಳಿಯುವುದಿಲ್ಲ. ಅಳಿಯಲೂಬಾರದು, ಯಾಕೆಂದರೆ ಅಗಲ ಮುಖದವರನ್ನೂ ಉದ್ದ ಮುಖದವರನ್ನೂ ಬೇರೆಮಾಡುವುದು ಅದೇ ಪ್ರಮಾಣ. ಹೀಗಾಗಿ ಯಂತ್ರ ರಾಜಿಯಾಗಿ ನಡುವಿನ ಒಂದು ಅಳತೆ ಹಿಡಿಯುತ್ತದೆ, ಮುಖ ಅಡ್ಡಕ್ಕೆ ನೂರಕ್ಕೆ ನಾಲ್ಕರಷ್ಟು ಹೆಚ್ಚು, ಉದ್ದಕ್ಕೆ ಅಷ್ಟೇ ಕಡಿಮೆ ಉಳಿದುಬಿಡುತ್ತದೆ.

ಇಷ್ಟರಿಂದಲೇ ಯಂತ್ರ ‘ಇವನು ಬೇರೆ’ ಎಂದುಬಿಡುತ್ತದೆ ಎಂದು ನಾನು ಹೇಳುತ್ತಿಲ್ಲ. ಇಂದಿನ ಯಂತ್ರಗಳು ಇಂಥ ಏರುಪೇರನ್ನು ಬಹಳಮಟ್ಟಿಗೆ ತಾಳಿಕೊಳ್ಳುತ್ತವೆ. ಆದರೆ ಹೋಲಿಕೆಯ ಅಂಕದಲ್ಲಿ ಸ್ವಲ್ಪ ಖರ್ಚಾಗಿರುತ್ತದೆ. ಚರ್ಮ ನುಣುಪು ಮಾಡಿದ್ದಕ್ಕೆ ಇನ್ನಷ್ಟು ಹೋಗುತ್ತದೆ. ಪರೀಕ್ಷಾ ಕೇಂದ್ರದಲ್ಲಿ ಹೋಲಿಸಲು ತೆಗೆಯುವ ಚಿತ್ರ ಟ್ಯೂಬ್‌ಲೈಟಿನ ಅಡಿಯಲ್ಲೋ ಗೇಟಿನ ಬಿಸಿಲಿನಲ್ಲೋ ಆದರೆ ಮತ್ತಷ್ಟು. ಹುಡುಗನಿಗೆ ಹದಿನೇಳು ವರ್ಷ, ಹೋಲಿಕೆಗೆ ಸಿಗುವ ಆಧಾರ್ ಚಿತ್ರ ಅವನು ಹೈಸ್ಕೂಲಿಗೆ ಸೇರುವ ಹೊತ್ತಿನದು. ಅಲ್ಲೂ ಒಂದಿಷ್ಟು ಹೋಗಿದೆ. ವಯಸ್ಸು ಮತ್ತು ಬೆಳಕು ನಮ್ಮ ಕೈಯಲ್ಲಿಲ್ಲ. ಅವುಗಳಿಗೆಂದು ಉಳಿಸಿಕೊಳ್ಳಬೇಕಾಗಿದ್ದ ಅಂಕವನ್ನು ಸ್ಟುಡಿಯೋದಲ್ಲೇ ಖರ್ಚು ಮಾಡಿ ಬಂದಿರುತ್ತೇವೆ.

ಆಧಾರ್ ವಿಚಾರ ಬಂದಿದ್ದರಿಂದ ಒಂದು ಮಾತು. 2010ರಲ್ಲಿ ಶುರುವಾದ ಆ ಯೋಜನೆ ಮನೆಯಿಂದ ತಂದ ಫೋಟೋವನ್ನು ಒಪ್ಪದೆ ನೋಂದಣಿ ಮೇಜಿನ ಮುಂದೆಯೇ ಚಿತ್ರ ತೆಗೆಯುವ ಪದ್ಧತಿ ಇಟ್ಟುಕೊಂಡಿತು. ಸರಗೂರಿನ ಕಡೆಯ ಹಾಡಿಯವರಿರಲಿ, ಸಾಲಿಗ್ರಾಮದ ಗದ್ದೆಬಯಲಿನವರಿರಲಿ, ಎಲ್ಲರ ಬಳಿಯೂ ಅಂದವಿಲ್ಲದ, ತಿದ್ದದ ಒಂದು ಮುಖಚಿತ್ರ ಇದೆ. ಅದನ್ನು ನೋಡಿ ನಗದವರಿಲ್ಲ. ಗುರುತಿನ ಕೆಲಸಕ್ಕೆ ಮಾತ್ರ ಕೋಟಿನ ಫೋಟೋಗಿಂತ ಅದೇ ವಾಸಿ.

ಈಗ ಪರೀಕ್ಷಾ ಕೊಠಡಿಗೆ ಬರೋಣ. ಬಹಳ ಕಡೆ ಅಲ್ಲಿ ಹೋಲಿಸಿ ನೋಡುವುದು ಮೇಲ್ವಿಚಾರಕರ ಕಣ್ಣು. ಒಂದು ಕೈಯಲ್ಲಿ ಪ್ರವೇಶಪತ್ರ, ಎದುರಿಗೆ ಬೆಂಚಿನಲ್ಲಿ ಹುಡುಗ, ಕೊಠಡಿಯ ತುಂಬ ಅಭ್ಯರ್ಥಿಗಳು. ಗುರುತಿಲ್ಲದ ಮುಖವನ್ನು ಫೋಟೋದೊಂದಿಗೆ ಹೊಂದಿಸುವುದರಲ್ಲಿ ಮನುಷ್ಯರು ಎಷ್ಟು ಸೋಲುತ್ತಾರೆ ಎಂಬುದು ನಮ್ಮ ಅಂದಾಜಿಗೆ ಸಿಗುವುದಿಲ್ಲ. ನಮ್ಮವರನ್ನು ಯಾವ ಹಳೇ ಫೋಟೋದಲ್ಲೂ ಗುರುತು ಹಿಡಿಯುತ್ತೇವೆ, ಅದೇ ಚಾತುರ್ಯ ಅಪರಿಚಿತರ ವಿಷಯದಲ್ಲೂ ಇದೆ ಎಂದು ತಿಳಿದುಕೊಂಡಿರುತ್ತೇವೆ. 1997ರಲ್ಲಿ ಬ್ರಿಟನ್ನಿನ ಮನಶ್ಶಾಸ್ತ್ರಜ್ಞರು ಒಂದು ಸೂಪರ್ ಮಾರ್ಕೆಟಿನಲ್ಲಿ ಪ್ರಯೋಗ ಮಾಡಿದರು. ಬೇರೊಬ್ಬರ ಫೋಟೋ ಇದ್ದ ಕಾರ್ಡುಗಳನ್ನು ತೋರಿಸಿದಾಗ ಅನುಭವಿ ಕ್ಯಾಷಿಯರುಗಳು ಅರ್ಧಕ್ಕಿಂತ ಹೆಚ್ಚು ಬಾರಿ ಸರಿಯೆಂದು ಒಪ್ಪಿಬಿಟ್ಟರು. 2014ರಲ್ಲಿ ಆಸ್ಟ್ರೇಲಿಯಾದ ಪಾಸ್‌ಪೋರ್ಟ್ ಅಧಿಕಾರಿಗಳನ್ನೇ ಪರೀಕ್ಷಿಸಿದರು. ಇದೇ ಉದ್ಯೋಗವಾಗಿರುವ ಅವರೂ ಬೇರೆಯವರ ಫೋಟೋಗಳಲ್ಲಿ ನೂರಕ್ಕೆ ಹದಿನಾಲ್ಕನ್ನು ಒಪ್ಪಿಕೊಂಡರು.

ಅಪರಿಚಿತ ಮುಖವನ್ನು ನೋಡುವಾಗ ನಾವು ಕೂದಲು, ಮುಖದ ಹೊರಗೆರೆ, ಗಲ್ಲದ ಆಕಾರಗಳನ್ನು ಹೆಚ್ಚು ನೆಚ್ಚಿಕೊಳ್ಳುತ್ತೇವೆ. ಕೋಟು ಅಂಟಿಸುವಾಗ ಕತ್ತರಿ ಓಡುವುದು ಸರಿಯಾಗಿ ಅದೇ ಗೆರೆಯ ಮೇಲೆ. ದವಡೆಯ ಅಡಿಯ ನೆರಳು ಅಳಿಸಿದರೆ ಗಲ್ಲ ಎಲ್ಲಿ ಮುಗಿದು ಕತ್ತು ಎಲ್ಲಿ ಶುರುವಾಯಿತು ಎಂದು ತಿಳಿಯುವುದಿಲ್ಲ. ಕಿವಿಯ ಹಿಂದಿನ ಸಣ್ಣ ಕೂದಲು ಕತ್ತರಿಸಿಹೋದರೆ ಕಿವಿ ಮುಂದೆ ಚಾಚಿದಂತಾಗುತ್ತದೆ. ಹೆಣ್ಣುಮಕ್ಕಳ ಫೋಟೋದಲ್ಲಿ ಜಡೆ ಭುಜದ ಮೇಲೆ ಬಿದ್ದಿದ್ದರೆ ಅದನ್ನೂ ತೆಗೆದುಹಾಕುತ್ತಾರೆ, ತಲೆಯ ಆಕಾರವೇ ಬೇರೆಯಾಗುತ್ತದೆ. ಯಂತ್ರ ಕಣ್ಣು–ಮೂಗಿನ ನಡುಭಾಗವನ್ನು ನೋಡಿ ಹೇಗೋ ದಾಟಿಸೀತು. ಮೇಲ್ವಿಚಾರಕರು ನೋಡುವ ಹೊರಗೆರೆಯೇ ಬದಲಾಗಿದೆ.

ಇಷ್ಟಾದರೂ ಅಧಿಕಾರಿಗಳ ಬಿಗಿಗೆ ಇದೊಂದೇ ಕಾರಣವಲ್ಲ. 2014ರಲ್ಲಿ ಇಟಲಿಯ ಬೊಲೊನ್ಯಾ ವಿಶ್ವವಿದ್ಯಾಲಯದ ಮೂವರು ಸಂಶೋಧಕರು ಒಂದು ಉಪಾಯವನ್ನು ಪ್ರಕಟಿಸಿದರು. ಇಬ್ಬರ ಮುಖಗಳನ್ನು ಕಂಪ್ಯೂಟರಿನಲ್ಲಿ ಹದವಾಗಿ ಬೆರೆಸಿ ಒಂದೇ ಫೋಟೋ ಮಾಡಿದರೆ, ಯಂತ್ರ ಅದನ್ನು ಇಬ್ಬರ ಮುಖಕ್ಕೂ ಹೊಂದುತ್ತದೆ ಎಂದು ಒಪ್ಪಿಕೊಳ್ಳಬಹುದು. ಅಂದರೆ ಒಂದೇ ಪಾಸ್‌ಪೋರ್ಟಿನಲ್ಲಿ ಇಬ್ಬರು ಗಡಿ ದಾಟಬಹುದು. ಇದು ಕಾಗದದ ಮೇಲಿನ ಭಯವಾಗಿಯೇ ಉಳಿಯಲಿಲ್ಲ. 2018ರಲ್ಲಿ ಜರ್ಮನಿಯ ಕಾರ್ಯಕರ್ತರ ಗುಂಪೊಂದು ಒಬ್ಬ ಸದಸ್ಯೆಯ ಮುಖವನ್ನು ಆಗ ಐರೋಪ್ಯ ಒಕ್ಕೂಟದ ವಿದೇಶಾಂಗ ಮುಖ್ಯಸ್ಥೆಯಾಗಿದ್ದ ಫೆಡೆರಿಕಾ ಮೊಗೆರಿನಿ ಅವರ ಮುಖದೊಂದಿಗೆ ಬೆರೆಸಿ, ಆ ಫೋಟೋಗೆ ಅಸಲಿ ಪಾಸ್‌ಪೋರ್ಟನ್ನೇ ಪಡೆದು ತೋರಿಸಿತು. 2025ರ ಮೇ 1ರಿಂದ ಜರ್ಮನಿ ಕಾಗದದ ಫೋಟೋವನ್ನು ಕೈಬಿಟ್ಟಿತು. ಚಿತ್ರವನ್ನು ಕಚೇರಿಯಲ್ಲೇ ತೆಗೆಯಬೇಕು, ಇಲ್ಲವೇ ನೋಂದಾಯಿತ ಸ್ಟುಡಿಯೋದಿಂದ ಭದ್ರವಾದ ಮಾರ್ಗದಲ್ಲಿ ನೇರವಾಗಿ ಕಚೇರಿಗೆ ಕಳಿಸಬೇಕು. ಅರ್ಜಿದಾರರ ಕೈಗೆ ಆ ಫೈಲು ಸಿಗುವುದೇ ಇಲ್ಲ.

ಹೀಗೆ ಮುಖ ಬೆರೆಸಿದ ಫೋಟೋ ಗಲ್ಲದಂಚಿನಲ್ಲಿ, ಕೂದಲಂಚಿನಲ್ಲಿ ಯಾವ ಕುರುಹು ಬಿಡುತ್ತದೋ, ಕೆ.ಆರ್.ನಗರದಲ್ಲಿ ಅಮಾಯಕವಾಗಿ ಕೋಟು ಹಾಕಿಸಿಕೊಂಡ ಫೋಟೋವೂ ಅಂಥದೇ ಕುರುಹು ಬಿಡುತ್ತದೆ. ಗಡಿಯಂಚಿನ ಬದು ಕಿತ್ತು ಹೊಸದಾಗಿ ಹಾಕಿರುವುದು ಕಂಡರೆ ಸರ್ವೆಯವರು ಯಾಕೆ ಕಿತ್ತಿರಿ ಎಂದು ಮೊದಲು ಕೇಳುವುದಿಲ್ಲ, ಇಡೀ ಹೊಲವನ್ನು ಮತ್ತೆ ಅಳೆಯುತ್ತಾರೆ. ಫೋಟೋ ಅರ್ಜಿಯ ವಿಷಯದಲ್ಲಿ ಹಾಗೆ ಅಳೆಯುವಷ್ಟು ಪುರುಸೊತ್ತು ಕಚೇರಿಗೆ ಇರುವುದಿಲ್ಲ, ತಿರಸ್ಕರಿಸುತ್ತದೆ.

ಕುರುಹುಗಳು ಎಂದೆನಲ್ಲ, ಅವನ್ನು ಮನೆಯಲ್ಲೇ ಹುಡುಕಬಹುದು. ಮೊದಲು ಬೆಳಕು ನೋಡಿ. ಹುಡುಗನ ಎಡಗೆನ್ನೆ ಬೆಳಗಿದ್ದರೆ ಕೋಟಿನ ಎಡಭುಜವೂ ಬೆಳಗಬೇಕು. ಅಂಟಿಸಿದ ಕೋಟಿಗೆ ಅದು ಎಲ್ಲೋ ಹುಟ್ಟಿದಾಗಿನ ಬೆಳಕೇ ಇರುತ್ತದೆ. ಎರಡನೆಯದು ಗಲ್ಲದ ನೆರಳು. ನಿಜವಾದ ಕಾಲರಿನ ಮೇಲೆ ತಲೆಯ ನೆರಳು ಒಂದಿಷ್ಟಾದರೂ ಬೀಳುತ್ತದೆ. ಅಂಟಿಸಿದ ಕಾಲರ್ ಬೆಳ್ಳಗೆ ಹೊಳೆಯುತ್ತಿರುತ್ತದೆ. ಮೂರನೆಯದಕ್ಕೆ ಚಿತ್ರವನ್ನು ಪರದೆಯ ಮೇಲೆ ನಾಲ್ಕೈದು ಪಟ್ಟು ಹಿಗ್ಗಿಸಬೇಕು. ಮುಖ ಕಾಳುಕಾಳಾಗಿ ಕಾಣಿಸಿ ಕೋಟು ನುಣ್ಣಗಿದ್ದರೆ ಅವೆರಡನ್ನೂ ಹಿಡಿದದ್ದು ಒಂದೇ ಕ್ಯಾಮೆರಾ ಅಲ್ಲ.

ಕಣ್ಣಿಗೆ ಕಾಣದ ಇನ್ನೊಂದು ಕುರುಹು ಇದೆ, ನನಗೆ ಬಹಳ ಇಷ್ಟವಾದದ್ದು. ಜೆಪಿಜಿ ರೂಪದಲ್ಲಿ ಫೋಟೋ ಉಳಿಸುವಾಗ ಕಂಪ್ಯೂಟರು ಚಿತ್ರವನ್ನು ಎಂಟು ಪಿಕ್ಸೆಲ್ ಅಗಲ, ಎಂಟು ಪಿಕ್ಸೆಲ್ ಎತ್ತರದ ಚೌಕಗಳಾಗಿ ಕತ್ತರಿಸಿ, ಪ್ರತಿ ಚೌಕದ ವಿವರವನ್ನು ಬೇರೆಬೇರೆಯಾಗಿ ಕುಗ್ಗಿಸುತ್ತದೆ. ಹೀಗೆ ಉಳಿಸಿದ ಚಿತ್ರದಲ್ಲಿ ಕಾಣದ ಚೌಕಳಿಯೊಂದು ಅಚ್ಚೊತ್ತಿರುತ್ತದೆ. ಹುಡುಗನ ತಲೆ ತನ್ನ ಚೌಕಳಿಯನ್ನು ಹೊತ್ತು ಬರುತ್ತದೆ, ಇಂಟರ್ನೆಟ್ಟಿನಿಂದ ಇಳಿಸಿಕೊಂಡ ಕೋಟು ತನ್ನದನ್ನು. ಅಡ್ಡಕ್ಕೆ ಎಂಟು, ಉದ್ದಕ್ಕೆ ಎಂಟು, ಒಟ್ಟು 64 ರೀತಿಯಲ್ಲಿ ಒಂದರ ಮೇಲೊಂದು ಕೂರಬಹುದು. ಅವುಗಳಲ್ಲಿ ಒಂದೇ ಒಂದು ರೀತಿಯಲ್ಲಿ ಮಾತ್ರ ಎರಡೂ ಚೌಕಳಿ ಗೆರೆಗೆ ಗೆರೆ ಹೊಂದುತ್ತವೆ. ಉಳಿದ 63ರಲ್ಲಿ ತಪ್ಪುತ್ತವೆ, ಆ ತಪ್ಪನ್ನು ಲೆಕ್ಕದಿಂದ ಹಿಡಿಯುವ ವಿಧಾನಗಳಿವೆ.

ಆದರೆ ಈ ವಿಧಾನಕ್ಕೆ ಮಿತಿಯಿದೆ, ಅದನ್ನು ತಂದಿಟ್ಟಿರುವುದೂ ಅರ್ಜಿ ವ್ಯವಸ್ಥೆಯೇ. 3.5 ಸೆಂ.ಮೀ. ಅಗಲ, 4.5 ಸೆಂ.ಮೀ. ಎತ್ತರದ ಫೋಟೋವನ್ನು ಇಂಚಿಗೆ 300 ಚುಕ್ಕೆಯಂತೆ ಲೆಕ್ಕ ಹಾಕಿದರೆ ಸಿಗುವುದು 413ಕ್ಕೆ 531 ಪಿಕ್ಸೆಲ್. ಅದನ್ನೂ ಹಲವು ಪೋರ್ಟಲುಗಳು 50 ಕೆಬಿ, 200 ಕೆಬಿ ಒಳಗೆ ಇರಬೇಕು ಎನ್ನುತ್ತವೆ. ಸೈಬರ್ ಸೆಂಟರಿನವರು ಫೋಟೋವನ್ನು ಚಿಕ್ಕದು ಮಾಡಿ, ಗುಣಮಟ್ಟ ಇಳಿಸಿ ಮತ್ತೆ ಉಳಿಸುವಾಗ ಹಳೆಯ ಚೌಕಳಿಗಳು ಬಹುಪಾಲು ಅಳಿಸಿಹೋಗುತ್ತವೆ. ಹೀಗೆ ಮುದುಡಿದ ಫೈಲನ್ನು ನೋಡಿ ಇದನ್ನು ತಿದ್ದಲಾಗಿದೆಯೋ ಇಲ್ಲವೋ ಎಂದು ಖಚಿತವಾಗಿ ಹೇಳುವುದು ಪರಿಣತರಿಗೂ ಕಷ್ಟ. ನೆರಳಿಲ್ಲದ ಕಾಲರ್ ಕಂಡು ಅನುಮಾನ ಬರುತ್ತದೆ, ಅನುಮಾನವನ್ನು ಬಗೆಹರಿಸುವ ಸಾಕ್ಷ್ಯ ಉಳಿದಿರುವುದಿಲ್ಲ. ಆ ಸ್ಥಿತಿಯಲ್ಲಿ ನಷ್ಟವಾಗುವುದು ಅಭ್ಯರ್ಥಿಗೆ.

ಹೀಗಾಗಿ ಕಚೇರಿಗಳು ಅರ್ಜಿದಾರರು ತಂದ ಫೋಟೋವನ್ನು ಪರೀಕ್ಷಿಸುವ ಗೋಜನ್ನೇ ಬಿಟ್ಟು ಕ್ಯಾಮೆರಾವನ್ನು ತಮ್ಮ ಕೈಗೆ ತೆಗೆದುಕೊಳ್ಳುತ್ತಿವೆ. ಪಾಸ್‌ಪೋರ್ಟಿನ ವಿಷಯದಲ್ಲಿ ನಮ್ಮ ಜಿಲ್ಲೆಗೆ ಒಂದು ಹಿರಿಮೆಯೂ ಇದೆ. ಅಂಚೆ ಕಚೇರಿಯಲ್ಲಿ ಪಾಸ್‌ಪೋರ್ಟ್ ಸೇವಾ ಕೇಂದ್ರ ತೆರೆಯುವ ಪ್ರಯೋಗ ದೇಶದಲ್ಲಿ ಮೊದಲು ಶುರುವಾದದ್ದು ಮೈಸೂರು ಮತ್ತು ಗುಜರಾತಿನ ದಾಹೋದ್‌ನಲ್ಲಿ, 2017ರ ಜನವರಿ 25ರಂದು. ಅದಕ್ಕೆ ಮುಂಚೆ ಹುಣಸೂರಿನವರು ಇದಕ್ಕಾಗಿ ಬೆಂಗಳೂರಿನ ಬಸ್ಸು ಹತ್ತಬೇಕಿತ್ತು. ಆ ಕೇಂದ್ರದಲ್ಲಿ ದೊಡ್ಡವರ ಫೋಟೋವನ್ನು ಅಲ್ಲೇ, ಬೆರಳಚ್ಚಿನ ಜೊತೆಗೆ ತೆಗೆಯುತ್ತಾರೆ. ಸ್ಟುಡಿಯೋದ ಕೋಟು ಫೋಟೋ ಜೇಬಿನಲ್ಲೇ ಉಳಿಯುತ್ತದೆ. ಕೇಂದ್ರ ಸಿಬ್ಬಂದಿ ನೇಮಕಾತಿ ಆಯೋಗವೂ 2024ರಿಂದ ಅರ್ಜಿ ತುಂಬುವಾಗಲೇ ಕ್ಯಾಮೆರಾದ ಮುಂದೆ ಕೂರಿಸುತ್ತಿದೆ. ಹೊರದೇಶದಲ್ಲಿರುವ ಕನ್ನಡಿಗರು ಅಲ್ಲಿನ ರಾಯಭಾರ ಕಚೇರಿಯ ಮೂಲಕ ಪಾಸ್‌ಪೋರ್ಟ್ ನವೀಕರಿಸುವಾಗ ಮಾತ್ರ ಫೋಟೋ ತಾವೇ ಕೊಡಬೇಕು. ಅವರಿಗೆ 2025ರ ಸೆಪ್ಟೆಂಬರಿನಿಂದ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ಮಾನದಂಡ ಅನ್ವಯಿಸುತ್ತದೆ: 630ಕ್ಕೆ 810 ಪಿಕ್ಸೆಲ್, ಬಿಳಿ ಹಿನ್ನೆಲೆ, ಸಾಫ್ಟ್‌ವೇರಿನ ತಿದ್ದುಪಡಿ ಇರಕೂಡದು.

ಸ್ಟುಡಿಯೋದವರನ್ನೇ ದೂರಿ ಮುಗಿಸಿದರೆ ಅನ್ಯಾಯವಾದೀತು. ಕೋಟು ಹಾಕುವ ಅಭ್ಯಾಸಕ್ಕೆ ಆಸೆಯ ಜೊತೆಗೆ ಒಂದು ತಾಂತ್ರಿಕ ಕಾರಣವೂ ಇದೆ. ಅರ್ಜಿಗಳು ಬಿಳಿ ಹಿನ್ನೆಲೆ ಕೇಳುತ್ತವೆ, ಓದುವ ಮಕ್ಕಳು ಬರುವುದು ಬಿಳಿ ಸಮವಸ್ತ್ರದ ಅಂಗಿಯಲ್ಲಿ. ಬಿಳಿಯ ಮೇಲೆ ಬಿಳಿ ಬಿದ್ದಾಗ ಭುಜದ ಗೆರೆ ಕರಗಿಹೋಗಿ ತಲೆ ಗಾಳಿಯಲ್ಲಿ ತೇಲುತ್ತದೆ. ಇದನ್ನು ತಪ್ಪಿಸಲು ಕೋಟಿನ ಫೋಲ್ಡರ್ ತೆರೆಯುತ್ತಾರೆ. ಬೈಲಕುಪ್ಪೆಯ ಭಿಕ್ಷುಗಳಿಗೆ ಈ ತಾಪತ್ರಯವೇ ಇಲ್ಲ. ಅವರ ಕಡುಗೆಂಪು ನಿಲುವಂಗಿ ಬಿಳಿ ಪರದೆಯ ಮುಂದೆ ಚೆನ್ನಾಗಿ ಎದ್ದು ಕಾಣುತ್ತದೆ.

ಪರಿಹಾರ ಗೋಡೆಯ ಮೊಳೆಯಲ್ಲೇ ಇದೆ. ಹಳೆಯ ಸ್ಟುಡಿಯೋಗಳು ಗಿರಾಕಿಗಳಿಗೆಂದು ಮೊಳೆಗೆ ತೂಗುಹಾಕಿದ ಒಂದು ನಿಜವಾದ ಕೋಟು, ಒಂದು ಬಾಚಣಿಗೆ, ಒಂದು ಪೌಡರ್ ಡಬ್ಬಿ ಇಟ್ಟಿರುತ್ತಿದ್ದವು. ಎರವಲು ಕೋಟು ತೊಟ್ಟು ತೆಗೆಸಿದ ಫೋಟೋಗೂ ಅಂಟಿಸಿದ ಕೋಟಿನ ಫೋಟೋಗೂ ಅಜಗಜಾಂತರ, ಮೊದಲನೆಯದರಲ್ಲಿ ಗಲ್ಲದ ನೆರಳು ಆ ಕಾಲರಿನ ಮೇಲೇ ಬಿದ್ದಿರುತ್ತದೆ. ಕೋಟೂ ಬೇಕಿಲ್ಲ, ಕಡುಬಣ್ಣದ ಅಂಗಿಯೋ ಚೂಡಿದಾರವೋ ಸಾಕು. ಗೋಡೆಯಿಂದ ಎರಡು ಮೂರು ಅಡಿ ಮುಂದೆ ಕೂತರೆ ನೆರಳು ಹಿಂದಿನ ಪರದೆಯ ಮೇಲೆ ಬೀಳುವುದಿಲ್ಲ, ಹಿನ್ನೆಲೆಯನ್ನು ಕಂಪ್ಯೂಟರಿನಲ್ಲಿ ಅಳಿಸುವ ಅಗತ್ಯ ಬರುವುದಿಲ್ಲ. ಕ್ಯಾಮೆರಾ ಐದಾರು ಅಡಿ ದೂರವಿರಲಿ. ಕೈಯಳತೆಯಲ್ಲಿ ತೆಗೆದ ಸೆಲ್ಫಿಯಲ್ಲಿ ಮೂಗು ಹತ್ತಿರವಾಗಿ ದೊಡ್ಡದಾಗುತ್ತದೆ, ಕಿವಿಗಳು ಹಿಂದಕ್ಕೆ ಸರಿಯುತ್ತವೆ. ಅದನ್ನು ತಿದ್ದುಪಡಿಯಿಂದ ಪೂರ್ತಿ ಸರಿಮಾಡುವುದು ಕಷ್ಟ.

ಹಸುಗೂಸುಗಳ ಪಾಡು ಬೇರೆ. ನಾಲ್ಕು ವರ್ಷದೊಳಗಿನ ಮಕ್ಕಳ ಪಾಸ್‌ಪೋರ್ಟಿಗೆ ಫೋಟೋವನ್ನು ನಾವೇ ಒಯ್ಯಬೇಕು. ಕೂಸನ್ನು ಎತ್ತಿಹಿಡಿದ ಅಮ್ಮನ ಕೈ ಚಿತ್ರದಲ್ಲಿ ಬರುತ್ತದೆ, ಸ್ಟುಡಿಯೋದಲ್ಲಿ ಕೈ ಅಳಿಸಿ ಅದರ ಜಾಗಕ್ಕೆ ಒಂದು ಫ್ರಾಕು ಕೂರಿಸುತ್ತಾರೆ. ಬದಲಿಗೆ ಬಿಳಿ ಪಂಚೆಯನ್ನು ಕಿಟಕಿಯ ಬೆಳಕಿಗೆ ಹಾಸಿ, ಬಣ್ಣದ ಅಂಗಿ ತೊಡಿಸಿದ ಮಗುವನ್ನು ಅಂಗಾತ ಮಲಗಿಸಿ, ಮೇಲಿನಿಂದ ನೇರವಾಗಿ ತೆಗೆದರೆ ಅಳಿಸಲು ಏನೂ ಇರುವುದಿಲ್ಲ. ಕಣ್ಣು ಬಿಟ್ಟ ಗಳಿಗೆಗೆ ಕಾಯಬೇಕು, ಅಷ್ಟೇ.

ಫೋಟೋ ತೆಗೆಸಿದ ಮೇಲೆ ಸ್ಟುಡಿಯೋದವರಿಂದ ತಿದ್ದದ ಮೂಲ ಫೈಲನ್ನೂ ಕೇಳಿ ಇಟ್ಟುಕೊಳ್ಳಿ. ಅದೇ ಫೈಲಿನಿಂದ ಹತ್ತಾರು ಪ್ರತಿ ಮುದ್ರಿಸಿ ತೆಗೆದಿರಿಸಿ. ನೀಟ್ ಬರೆಯುವವರು ಅರ್ಜಿಗೆ ಏರಿಸಿದ ಅದೇ ಫೋಟೋದ ಪ್ರತಿಯನ್ನು ಹಾಜರಿ ಹಾಳೆಗೆ ಅಂಟಿಸಲು ಪರೀಕ್ಷೆಯ ದಿನ ಒಯ್ಯಬೇಕಾಗುತ್ತದೆ. ಅರ್ಜಿಯಲ್ಲಿ ಅಂಗಿಯ ಫೋಟೋ ಹಾಕಿ, ಮನೆಯಲ್ಲಿದ್ದ ಕೋಟಿನ ಫೋಟೋ ಹಿಡಿದು ಬಸ್ಸು ಹತ್ತಿದರೆ ಅಲ್ಲಿ ಮತ್ತೆ ಪ್ರಶ್ನೆ ಏಳುತ್ತದೆ.